ನನ್ನ ಲೆಕ್ಕದಲ್ಲಿ 18,000, ಅಕೌಂಟೆಂಟ್ ಲೆಕ್ಕದಲ್ಲಿ 22,500. ನಡುವಿನ 4,500 ಎಲ್ಲಿ ಹೋಯಿತು?

ವೈರ್_ಅಂಗಡಿ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ನನ್ನದೊಂದು ಸಣ್ಣ ಎಲೆಕ್ಟ್ರಿಕಲ್ ಅಂಗಡಿ ಇದೆ. ವೈರ್, ಸ್ವಿಚ್, ಫ್ಯಾನ್, ಬಲ್ಬು ಮಾರುತ್ತೇನೆ. ಎಲ್ಲವೂ 18 ಪರ್ಸೆಂಟಿನ ಮಾಲು. ಇಷ್ಟು ದಿನ ಜಿಎಸ್‌ಟಿ ಲೆಕ್ಕವನ್ನು ಪೂರ್ತಿ ಅಕೌಂಟೆಂಟ್‌ಗೆ ಬಿಟ್ಟಿದ್ದೆ. ಈ ತಿಂಗಳು ನಾನೇ ಕೂತು ಒಂದು ಹಾಳೆಯಲ್ಲಿ ಬರೆದು ನೋಡಿದೆ.

ಕಳೆದ ತಿಂಗಳು ಮಾರಾಟ ನಾಲ್ಕೂವರೆ ಲಕ್ಷ. ಅದರ ಮೇಲಿನ ತೆರಿಗೆ 81,000. ಖರೀದಿ ಮೂರೂವರೆ ಲಕ್ಷ. ಅದಕ್ಕೆ ನಾನು ಕೊಟ್ಟ ತೆರಿಗೆ 63,000. ಕಳೆದರೆ 18,000 ಉಳಿಯಿತು. ಅಷ್ಟು ಕಟ್ಟಬೇಕು ಅಂದುಕೊಂಡೆ. ಆದರೆ ಅಕೌಂಟೆಂಟ್ 22,500 ಅಂತ ಹೇಳಿದ್ದಾರೆ. ಕೇಳಿದರೆ "ಸಿಸ್ಟಮ್‌ನಲ್ಲಿ ಹಾಗೇ ಬರುತ್ತದೆ" ಅಂದರು. ಹಿಂದಿನ ತಿಂಗಳ ಬಾಕಿ ಏನೂ ಇಲ್ಲ, ಬಡ್ಡಿ ಇಲ್ಲ, ದಂಡವೂ ಇಲ್ಲ.

ಇವತ್ತು 18ನೇ ತಾರೀಕು. 20ಕ್ಕೆ ರಿಟರ್ನ್ ಹೋಗಬೇಕು. ಈ 4,500 ಯಾಕೆ ಜಾಸ್ತಿ ಬರುತ್ತಿದೆ ಅಂತ ಯಾರಾದರೂ ಹೇಳುತ್ತೀರಾ?

ರಸೀದಿ_ಪುಸ್ತಕ

ಇದು ಸುಲಭ ಸರ್. ನಿಮ್ಮ ಯಾವುದೋ ಒಂದು ಖರೀದಿ ಬಿಲ್ ಪೋರ್ಟಲ್ ಕೊಡುವ ಖರೀದಿ ಪಟ್ಟಿ 2ಬಿಯಲ್ಲಿ ಬಂದಿಲ್ಲ. 4,500 ಅಂದರೆ 25,000 ರೂಪಾಯಿ ಮಾಲಿನ 18 ಪರ್ಸೆಂಟ್. ಸರಿಯಾಗಿ 25,000ದ ಬಿಲ್ ಯಾವುದಿದೆ ನೋಡಿ. ಅದನ್ನು ಕೊಟ್ಟವನು ತನ್ನ ರಿಟರ್ನ್‌ನಲ್ಲಿ ಹಾಕಿಲ್ಲ. ನಿಮ್ಮ ಕೈಯಲ್ಲಿ ಬಿಲ್ ಇದ್ದರೂ 2ಬಿಯಲ್ಲಿ ಕಾಣದ ಮೇಲೆ ಅದಕ್ಕೆ ಕೊಟ್ಟ ತೆರಿಗೆಯ ಕ್ರೆಡಿಟ್ ತೆಗೆದುಕೊಳ್ಳುವ ಹಾಗಿಲ್ಲ. 2022ರ ಜನವರಿಯಿಂದ ಇದೇ ನಿಯಮ.

ಬೆಲ್ಲದ_ಮಂಡಿ

ಇಷ್ಟೊಂದು ತಲೆನೋವು ಯಾಕೆ? ಕಾಂಪೋಸಿಷನ್‌ಗೆ ಹೋಗಿಬಿಡಿ. ನಮ್ಮಣ್ಣ ಅದರಲ್ಲೇ ಇದ್ದಾನೆ. ಒಟ್ಟು ವ್ಯಾಪಾರದ ಮೇಲೆ 1 ಪರ್ಸೆಂಟ್ ಕಟ್ಟುತ್ತಾನೆ, ಮುಗಿಯಿತು. ನಾಲ್ಕೂವರೆ ಲಕ್ಷಕ್ಕೆ 4,500. ಓ, ಅದೇ 4,500 ಇರಬಹುದಾ?

ವೈರ್_ಅಂಗಡಿ

@ಬೆಲ್ಲದ_ಮಂಡಿ ನಾನು ರೆಗ್ಯುಲರ್‌ನಲ್ಲಿ ಇದ್ದೇನೆ. ಆಂಧ್ರದ ರಾಯದುರ್ಗದ ಒಬ್ಬ ಕಂಟ್ರಾಕ್ಟರ್‌ಗೆ ಪ್ರತಿ ತಿಂಗಳು ಮಾಲು ಕಳಿಸುತ್ತೇನೆ. ಕಾಂಪೋಸಿಷನ್‌ನಲ್ಲಿ ಇದ್ದರೆ ಹೊರ ರಾಜ್ಯಕ್ಕೆ ಮಾರುವ ಹಾಗಿಲ್ಲ ಅಲ್ವಾ?

@ರಸೀದಿ_ಪುಸ್ತಕ ನಿಮ್ಮ ಮಾತು ಓದಿ ಈಗಲೇ 2ಬಿ ಡೌನ್‌ಲೋಡ್ ಮಾಡಿ ಒಂದೊಂದೇ ಬಿಲ್ ಟಿಕ್ ಹಾಕಿದೆ. ಒಟ್ಟು ಏಳು ಬಿಲ್. ಏಳೂ ಇವೆ. ಮೊತ್ತವೂ ತಾಳೆ ಆಗುತ್ತಿದೆ. 63,000 ಪೂರ್ತಿ ಇದೆ.

ಬಣ್ಣದಂಗಡಿ_ಅಕ್ಕ

ನಿಮ್ಮ ಏಳೂ ಬಿಲ್ ಬಂದಿವೆ ಅಂದರೆ ಪುಣ್ಯ ತಮ್ಮಾ. ನಾನು ಪೇಂಟ್ ಅಂಗಡಿ ನಡೆಸುತ್ತೇನೆ. ಹೋದ ವರ್ಷ ಒಬ್ಬ ಹೋಲ್‌ಸೇಲ್‌ನವನು ಮೂರು ತಿಂಗಳು ರಿಟರ್ನ್ ಹಾಕಲೇ ಇಲ್ಲ. ನಾನು ಅವನಿಗೆ ತೆರಿಗೆ ಸೇರಿಸಿ ಪೂರ್ತಿ ದುಡ್ಡು ಕೊಟ್ಟಿದ್ದೆ. ಅದರ ಕ್ರೆಡಿಟ್ ಸಿಗದೆ ಸರ್ಕಾರಕ್ಕೆ ಇನ್ನೊಮ್ಮೆ ಕೈಯಿಂದ ಕಟ್ಟಿದೆ. ಫೋನ್ ಮಾಡಿದರೆ "ನಾಳೆ ಹಾಕ್ತೀನಿ ಮೇಡಂ" ಅನ್ನುತ್ತಿದ್ದ. ಕೊನೆಗೆ ಹಾಕಿದ, ಕ್ರೆಡಿಟ್ ಬಂತು. ಆದರೆ ಆ ಮೂರು ತಿಂಗಳು ನನ್ನ ದುಡ್ಡು ಸಿಕ್ಕಿಹಾಕಿಕೊಂಡಿತ್ತು. ಈಗ ಯಾರದೇ ಆದರೂ ಹಿಂದಿನ ಬಿಲ್ 2ಬಿಯಲ್ಲಿ ಕಾಣುವವರೆಗೆ ಹೊಸ ಬಿಲ್ಲಿನ ತೆರಿಗೆ ಮೊತ್ತವನ್ನು ತಡೆಹಿಡಿಯುತ್ತೇನೆ. ಮಾಲಿನ ದುಡ್ಡು ಮಾತ್ರ ಕೊಡುತ್ತೇನೆ.

ಬೆಲ್ಲದ_ಮಂಡಿ

ಹಾಗೆ ತಡೆಹಿಡಿದರೆ ಅವರು ಮಾಲು ಕೊಡುತ್ತಾರಾ ಅಕ್ಕಾ?

ಬಣ್ಣದಂಗಡಿ_ಅಕ್ಕ

ಒಬ್ಬ ಕೊಡುವುದು ನಿಲ್ಲಿಸಿದ. ಉಳಿದವರು ಕೊಡುತ್ತಿದ್ದಾರೆ.

ತಾಳೆ_ಲೆಕ್ಕ

ವೈರ್ ಅಂಗಡಿಯವರೇ, ನೀವು ಒಟ್ಟು ಮೊತ್ತ ಮಾತ್ರ ಹೇಳಿದ್ದೀರಿ. ಜಿಎಸ್‌ಟಿಯಲ್ಲಿ ಒಟ್ಟು ಮೊತ್ತದಿಂದ ಒಟ್ಟು ಮೊತ್ತ ಕಳೆದು ನೋಡಿದರೆ ಹೀಗೆ ತಾಳೆ ತಪ್ಪುವುದು ಉಂಟು. ಮಾರಾಟದ ತೆರಿಗೆಯಲ್ಲಿ ಹೊರ ರಾಜ್ಯದ ವ್ಯಾಪಾರದ ಐಜಿಎಸ್‌ಟಿ ಎಷ್ಟು, ಕೇಂದ್ರದ ಸಿಜಿಎಸ್‌ಟಿ ಎಷ್ಟು, ರಾಜ್ಯದ ಎಸ್‌ಜಿಎಸ್‌ಟಿ ಎಷ್ಟು? ಖರೀದಿಯದ್ದೂ ಹಾಗೇ ಬಿಡಿಸಿ ಹಾಕಿ. ಆಮೇಲೆ ತಿಂಗಳ ರಿಟರ್ನ್ 3ಬಿಯಲ್ಲಿ 6.1 ಅಂತ ಒಂದು ಪಟ್ಟಿ ಬರುತ್ತದೆ. ಯಾವ ಕ್ರೆಡಿಟ್ ಯಾವ ತೆರಿಗೆಗೆ ಹೋಯಿತು ಅಂತ ಅದರಲ್ಲಿ ಇರುತ್ತದೆ. ಅದನ್ನೂ ನೋಡಿ ಹೇಳಿ.

ವೈರ್_ಅಂಗಡಿ

ತಗೊಳ್ಳಿ ಸರ್.

ಮಾರಾಟ:
ಕರ್ನಾಟಕದ ಒಳಗೆ 4,00,000. ಸಿಜಿಎಸ್‌ಟಿ 36,000, ಎಸ್‌ಜಿಎಸ್‌ಟಿ 36,000.
ರಾಯದುರ್ಗಕ್ಕೆ 50,000. ಐಜಿಎಸ್‌ಟಿ 9,000.

ಖರೀದಿ:
ಮುಂಬೈಯಿಂದ 2,00,000. ಐಜಿಎಸ್‌ಟಿ 36,000.
ಹುಬ್ಬಳ್ಳಿ ಮತ್ತು ಬೆಂಗಳೂರಿನಿಂದ 1,50,000. ಸಿಜಿಎಸ್‌ಟಿ 13,500, ಎಸ್‌ಜಿಎಸ್‌ಟಿ 13,500.

ಅಕೌಂಟೆಂಟ್ ಸೇವ್ ಮಾಡಿಟ್ಟ 6.1ರಲ್ಲಿ ಐಜಿಎಸ್‌ಟಿ ಕ್ರೆಡಿಟ್‌ನಿಂದ 9,000 ಐಜಿಎಸ್‌ಟಿಗೆ ಹೋಗಿದೆ, 27,000 ಸಿಜಿಎಸ್‌ಟಿಗೆ ಹೋಗಿದೆ. ಸಿಜಿಎಸ್‌ಟಿ ಕ್ರೆಡಿಟ್‌ನಿಂದ 9,000 ಮಾತ್ರ ತೆಗೆದಿದ್ದಾರೆ. ಎಸ್‌ಜಿಎಸ್‌ಟಿಗೆ 13,500 ವಜಾ ಆಗಿದೆ. ಎಸ್‌ಜಿಎಸ್‌ಟಿ ಸಾಲಿನಲ್ಲಿ ನಗದು 22,500 ಅಂತ ಇದೆ. ಬೇರೆ ಸಾಲುಗಳಲ್ಲಿ ನಗದು ಸೊನ್ನೆ.

ಹಳೇ_ಖಾತೆ

ನಿಮ್ಮ ಅಕೌಂಟೆಂಟ್ ಮಾಡಿದ್ದು ಸರಿಯಾಗೇ ಇದೆ. ಕಾನೂನಿನಲ್ಲಿ ಕ್ರಮ ಇದೆ. ಐಜಿಎಸ್‌ಟಿ ಕ್ರೆಡಿಟ್ ಮೊದಲು ಐಜಿಎಸ್‌ಟಿಗೆ, ಮಿಕ್ಕರೆ ಸಿಜಿಎಸ್‌ಟಿಗೆ, ಅದರಲ್ಲೂ ಮಿಕ್ಕರೆ ಎಸ್‌ಜಿಎಸ್‌ಟಿಗೆ. ನಾನು 2017ರಿಂದ ಹೀಗೇ ಕಲಿತದ್ದು, ಹೀಗೇ ಮಾಡುತ್ತಿದ್ದೇನೆ. ಕ್ರಮ ತಪ್ಪಿಸಿದರೆ ನೋಟಿಸ್ ಬರುತ್ತದೆ. ಸುಮ್ನೆ 22,500 ಕಟ್ಟಿಬಿಡಿ.

ತಾಳೆ_ಲೆಕ್ಕ

ಹಳೇ ಖಾತೆಯವರು ಹೇಳಿದ್ದು ಅರ್ಧ ಸರಿ. ಆ ಕ್ರಮ ಮೊದಲಿತ್ತು. 2019ರ ಫೆಬ್ರವರಿಯಲ್ಲಿ ಇನ್ನೊಂದು ಕಟ್ಟಳೆಯೂ ಬಂತು: ಐಜಿಎಸ್‌ಟಿ ಕ್ರೆಡಿಟ್ ಪೂರ್ತಿ ಖಾಲಿ ಆಗುವ ತನಕ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಕ್ರೆಡಿಟ್ ಮುಟ್ಟುವ ಹಾಗಿಲ್ಲ. ಎರಡೂ ಸೇರಿದಾಗ ಈಗ ಇವರಿಗೆ ಆಗಿರುವುದೇ ಎಷ್ಟೋ ವ್ಯಾಪಾರಿಗಳಿಗೂ ಆಯಿತು. ಸಿಜಿಎಸ್‌ಟಿ ಕ್ರೆಡಿಟ್ ಸುಮ್ಮನೆ ಕೂರುತ್ತಿತ್ತು, ಎಸ್‌ಜಿಎಸ್‌ಟಿ ಮಾತ್ರ ಕೈಯಿಂದ ಹೋಗುತ್ತಿತ್ತು. ಎಲ್ಲರೂ ಗಲಾಟೆ ಮಾಡಿದ ಮೇಲೆ ಅದೇ 2019ರ ಮಾರ್ಚ್ 29ಕ್ಕೆ 88ಎ ಅಂತ ಹೊಸ ನಿಯಮ ಸೇರಿಸಿದರು. ಐಜಿಎಸ್‌ಟಿ ಕ್ರೆಡಿಟ್ ಮೊದಲು ಐಜಿಎಸ್‌ಟಿ ತೆರಿಗೆಗೇ ಹೋಗಬೇಕು. ಮಿಕ್ಕಿದ್ದನ್ನು ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎರಡಕ್ಕೂ ನಿಮಗೆ ಬೇಕಾದ ಕ್ರಮದಲ್ಲಿ, ಬೇಕಾದಷ್ಟು ಹಂಚಬಹುದು. ಇವತ್ತಿಗೂ ಅದೇ ಇದೆ. ಹಂಚಿದ್ದಕ್ಕೆ ನೋಟಿಸ್ ಬರುವುದಿಲ್ಲ.

ಈಗ ನಿಮ್ಮ ಲೆಕ್ಕಕ್ಕೆ ಬನ್ನಿ. ಐಜಿಎಸ್‌ಟಿ ಕ್ರೆಡಿಟ್ 36,000. ರಾಯದುರ್ಗದ 9,000ಕ್ಕೆ ವಜಾ ಹಾಕಿದರೆ 27,000 ಮಿಕ್ಕಿತು. ನಿಮ್ಮ ಅಕೌಂಟೆಂಟ್ ಈ 27,000ವನ್ನು ಪೂರ್ತಿ ಸಿಜಿಎಸ್‌ಟಿಗೆ ಸುರಿದಿದ್ದಾರೆ. ಸಿಜಿಎಸ್‌ಟಿ ತೆರಿಗೆ 36,000 ತಾನೇ? 27,000 ಹೋದ ಮೇಲೆ ಅಲ್ಲಿ ಬೇಕಾದದ್ದು ಬರೀ 9,000. ಆದರೆ ನಿಮ್ಮ ಹತ್ತಿರ ಸಿಜಿಎಸ್‌ಟಿ ಕ್ರೆಡಿಟ್ 13,500 ಇತ್ತು. 9,000 ಬಳಸಿ 4,500 ಹಾಗೇ ಉಳಿಯಿತು. ನೀವು ಹುಡುಕುತ್ತಿರುವ 4,500 ಅದೇ.

ಆ ಉಳಿದ 4,500ವನ್ನು ಪಕ್ಕದ ಎಸ್‌ಜಿಎಸ್‌ಟಿಗೆ ತಿರುಗಿಸಲು ಆಗುವುದಿಲ್ಲ. ಕೇಂದ್ರದ ಕ್ರೆಡಿಟ್‌ನಿಂದ ರಾಜ್ಯದ ತೆರಿಗೆ ಕಟ್ಟುವ ಹಾಗಿಲ್ಲ, ರಾಜ್ಯದ್ದರಿಂದ ಕೇಂದ್ರದ್ದೂ ಕಟ್ಟುವ ಹಾಗಿಲ್ಲ. ಹಾಗಾಗಿ ಎಸ್‌ಜಿಎಸ್‌ಟಿ 36,000ಕ್ಕೆ ಬರೀ 13,500 ವಜಾ ಆಗಿ 22,500 ಕೈಯಿಂದ ಬಂತು.

27,000ವನ್ನು 13,500, 13,500 ಅಂತ ಎರಡಕ್ಕೂ ಹಂಚಿ ನೋಡಿ. ಸಿಜಿಎಸ್‌ಟಿ 36,000ದಲ್ಲಿ ಐಜಿಎಸ್‌ಟಿಯ 13,500 ಹೋಯಿತು, ಸಿಜಿಎಸ್‌ಟಿಯ 13,500 ಹೋಯಿತು, 9,000 ಉಳಿಯಿತು. ಎಸ್‌ಜಿಎಸ್‌ಟಿಯಲ್ಲೂ ಅದೇ 9,000. ಒಟ್ಟು 18,000. ನಿಮ್ಮ ಹಾಳೆಯ ಲೆಕ್ಕ ಸರಿಯಾಗೇ ಇತ್ತು.

ವೈರ್_ಅಂಗಡಿ

ಸರ್, ಎರಡು ಸಲ ಓದಿದೆ. ಈಗ ಅರ್ಥ ಆಯಿತು. ಅಂದರೆ 4,500 ಮುಳುಗಿ ಹೋಗುತ್ತಿರಲಿಲ್ಲ, ಕ್ರೆಡಿಟ್‌ನಲ್ಲೇ ಇರುತ್ತಿತ್ತು?

ತಾಳೆ_ಲೆಕ್ಕ

ಹೌದು, ಮುಳುಗುವುದಿಲ್ಲ. ಸಿಜಿಎಸ್‌ಟಿ ಕ್ರೆಡಿಟ್ ಲೆಡ್ಜರ್‌ನಲ್ಲಿ ಮುಂದಿನ ತಿಂಗಳಿಗೆ ಹೋಗುತ್ತದೆ. ಆದರೆ ಈ ತಿಂಗಳು ಕೈಯಲ್ಲಿ ಇರಬೇಕಾದ ದುಡ್ಡು ಅಲ್ಲಿ ಕೂತಿತು. ಅದಕ್ಕೆ ಬಡ್ಡಿ ಯಾರೂ ಕೊಡುವುದಿಲ್ಲ.

ರಸೀದಿ_ಪುಸ್ತಕ

ನಾನು 2ಬಿ ಅಂತ ತಪ್ಪು ಹೇಳಿದೆ. 25,000ಕ್ಕೆ ಲೆಕ್ಕ ಅಷ್ಟು ಸರಿಯಾಗಿ ಕೂತಿದ್ದರಿಂದ ಅದೇ ಅಂದುಕೊಂಡೆ. ಹಾಗಾದರೆ ನಿಯಮ ಇಷ್ಟೇ ಅಲ್ವಾ: ಮಿಕ್ಕ ಐಜಿಎಸ್‌ಟಿಯನ್ನು ಯಾವಾಗಲೂ ಅರ್ಧ ಅರ್ಧ ಹಂಚಬೇಕು?

ತಾಳೆ_ಲೆಕ್ಕ

ಇಲ್ಲ, ಅರ್ಧ ಅರ್ಧ ಅಂತ ಎಲ್ಲೂ ಇಲ್ಲ. ಅದನ್ನು ಬಾಯಿಪಾಠ ಮಾಡಿಕೊಂಡರೆ ಇನ್ನೊಂದು ತಿಂಗಳು ತಪ್ಪುತ್ತದೆ. ಇವರದೇ ಲೆಕ್ಕದಲ್ಲಿ ನೋಡಿ. ಸಿಜಿಎಸ್‌ಟಿ 36,000, ಅದರ ಸ್ವಂತ ಕ್ರೆಡಿಟ್ 13,500. ಅಂದರೆ ಅಲ್ಲಿ ಐಜಿಎಸ್‌ಟಿ ಕ್ರೆಡಿಟ್‌ಗೆ ಜಾಗ ಇರುವುದು 22,500ಕ್ಕೆ. ಎಸ್‌ಜಿಎಸ್‌ಟಿಯಲ್ಲೂ ಅಷ್ಟೇ ಜಾಗ. ನಿಮ್ಮ ಹತ್ತಿರ 27,000 ಇದೆ. ಒಂದು ಕಡೆಗೆ 22,500ಕ್ಕಿಂತ ಜಾಸ್ತಿ ತುಂಬಿಸದಿದ್ದರೆ ಸಾಕು. 10,000 ಇಲ್ಲಿ, 17,000 ಅಲ್ಲಿ ಹಾಕಿದರೂ ಕೈಯಿಂದ ಹೋಗುವುದು 18,000ವೇ. ಅಕೌಂಟೆಂಟ್ 27,000 ತುಂಬಿಸಿದರು. ಜಾಗಕ್ಕಿಂತ 4,500 ಜಾಸ್ತಿ ಆಯಿತು, ಅಷ್ಟೇ ಕ್ರೆಡಿಟ್ ಹೊರಗೆ ಉಳಿಯಿತು.

ಒಂದು ಕಡೆ ಹಳೇ ಕ್ರೆಡಿಟ್ ಜಾಸ್ತಿ ಇದ್ದಾಗ ಜಾಗ ಬೇರೆ ಬೇರೆ ಆಗುತ್ತದೆ. ಆಗ ಅರ್ಧ ಅರ್ಧ ಹಂಚಿದರೆ ಮತ್ತೆ ಒಂದು ಕಡೆ ತುಂಬಿ ಚೆಲ್ಲುತ್ತದೆ. ರಿಟರ್ನ್ ಕಳಿಸುವ ಮುಂಚೆ ಒಂದೇ ಒಂದು ನೋಡಿಕೊಳ್ಳಿ. ಒಂದು ಹೆಡ್‌ನಲ್ಲಿ ಕ್ರೆಡಿಟ್ ಉಳಿಯುತ್ತಿದೆ, ಅದೇ ತಿಂಗಳು ಪಕ್ಕದ ಹೆಡ್‌ಗೆ ನಗದು ಕಟ್ಟುತ್ತಿದ್ದೀರಿ ಅಂದರೆ ಹಂಚಿಕೆಯನ್ನು ಮತ್ತೆ ನೋಡಿ. ಐಜಿಎಸ್‌ಟಿ ಕ್ರೆಡಿಟ್ ಇಲ್ಲದ ತಿಂಗಳು ಹಾಗಾದರೆ ಮಾತ್ರ ಏನೂ ಮಾಡಲು ಆಗುವುದಿಲ್ಲ, ಹಂಚಲು ಏನೂ ಇರುವುದಿಲ್ಲ.

ಪ್ಲೈವುಡ್_ಶಿವಮೊಗ್ಗ

ಇದನ್ನು ಓದಿ ಹೊಟ್ಟೆ ಉರಿಯಿತು. ನನಗೆ ಇದು ಏಳು ತಿಂಗಳು ನಡೆದಿತ್ತು. ನನ್ನ ಮಾಲು ಜಾಸ್ತಿ ಕೇರಳದಿಂದ ಬರುತ್ತದೆ, ಹಾಗಾಗಿ ಐಜಿಎಸ್‌ಟಿ ಕ್ರೆಡಿಟ್ ದೊಡ್ಡದು. ಪ್ರತಿ ತಿಂಗಳು ಎಸ್‌ಜಿಎಸ್‌ಟಿ ನಗದು ಕಟ್ಟುತ್ತಿದ್ದೆ. ಎರಡು ಸಲ ಓಡಿಯಿಂದ ತೆಗೆದು ಕಟ್ಟಿದೆ. ಒಂದು ದಿನ ಬ್ಯಾಂಕಿನವರು ಏನೋ ದಾಖಲೆ ಕೇಳಿದರು ಅಂತ ಕ್ರೆಡಿಟ್ ಲೆಡ್ಜರ್ ತೆಗೆದರೆ ಸಿಜಿಎಸ್‌ಟಿಯಲ್ಲಿ 38,000 ಚಿಲ್ಲರೆ ಬಿದ್ದಿದೆ. ನನ್ನದೇ ದುಡ್ಡು ಅಲ್ಲಿತ್ತು, ನಾನು ಇತ್ತ ಬ್ಯಾಂಕಿಗೆ ಬಡ್ಡಿ ಕಟ್ಟುತ್ತಿದ್ದೆ.

ಆಮೇಲೆ ಬೇರೆ ಒಬ್ಬರು ಸರಿ ಮಾಡಿಕೊಟ್ಟರು. ಮುಂದಿನ ಎರಡು ತಿಂಗಳು ಮಿಕ್ಕ ಐಜಿಎಸ್‌ಟಿಯನ್ನು ಪೂರ್ತಿ ಎಸ್‌ಜಿಎಸ್‌ಟಿ ಕಡೆಗೆ ಹಾಕಿಸಿದರು. ಸಿಜಿಎಸ್‌ಟಿ ತೆರಿಗೆಯನ್ನು ಆ ಬಿದ್ದಿದ್ದ ಕ್ರೆಡಿಟ್‌ನಿಂದಲೇ ತೀರಿಸಿದರು. ಎರಡು ತಿಂಗಳಲ್ಲಿ ಖಾಲಿ ಆಯಿತು.

ಹಳೇ_ಖಾತೆ

88ಎ ನೋಡಿದೆ. ತಾಳೆ ಲೆಕ್ಕದವರು ಹೇಳಿದ ಹಾಗೇ ಇದೆ. ಆದರೂ ಒಂದು ಮಾತು. ಪೋರ್ಟಲ್ ತಾನಾಗಿ ತುಂಬಿಕೊಡುವ ಅಂಕಿಯನ್ನು ತಿದ್ದಲು ನನಗೆ ಮನಸ್ಸು ಬರುವುದಿಲ್ಲ. ನನ್ನ ಹತ್ತಿರ 40 ಅಂಗಡಿಗಳ ರಿಟರ್ನ್ ಇದೆ. 20ನೇ ತಾರೀಕು ಸರ್ವರ್ ನಿಧಾನ ಆದಾಗ ಒಬ್ಬೊಬ್ಬರದೂ ಬಿಡಿಸಿ ಹಂಚುತ್ತಾ ಕೂರಲು ಆಗುತ್ತದಾ? ಒಂದು ದಿನ ತಡ ಆದರೆ ಲೇಟ್ ಫೀ ಬೀಳುತ್ತದೆ. ಆಗ ಬೈಸಿಕೊಳ್ಳುವವರು ನಾವು.

ಪ್ಲೈವುಡ್_ಶಿವಮೊಗ್ಗ

ನಿಮ್ಮ ಕಷ್ಟ ಗೊತ್ತು ಸರ್. ಆದರೆ ಫೀಸ್ ಕೊಡುವುದು ನಾವು ಈ ಕೆಲಸಕ್ಕೇ. 2ಬಿ 14ಕ್ಕೇ ಬರುತ್ತದೆ. 15ಕ್ಕೆ ಕೂತರೆ ಐದು ದಿನ ಇರುತ್ತದೆ.

ಹಳೇ_ಖಾತೆ

ನಮ್ಮ ಕಡೆಯವರು ಮಾರಾಟದ ಬಿಲ್‌ಗಳನ್ನೇ 18ಕ್ಕೆ ಚೀಲದಲ್ಲಿ ತಂದುಕೊಡುತ್ತಾರೆ. ಅದನ್ನೂ ಬರೆಯಿರಿ.

ಬಣ್ಣದಂಗಡಿ_ಅಕ್ಕ

ನನಗೊಂದು ಅನುಮಾನ. ನಾನು ಮುಂದಿನ ತಿಂಗಳು ಗೋವಾಕ್ಕೆ ದೊಡ್ಡ ಆರ್ಡರ್ ಕಳಿಸಬೇಕು. ಅದಕ್ಕೆ ಐಜಿಎಸ್‌ಟಿ ಜಾಸ್ತಿ ಬರುತ್ತದೆ. ಈ ತಿಂಗಳ ಐಜಿಎಸ್‌ಟಿ ಕ್ರೆಡಿಟ್ ಅದಕ್ಕೆ ಅಂತ ಉಳಿಸಿಟ್ಟು, ಈಗ ಸಿಜಿಎಸ್‌ಟಿ ಎಸ್‌ಜಿಎಸ್‌ಟಿ ಕ್ರೆಡಿಟ್ ಮಾತ್ರ ಬಳಸಬಹುದಾ?

ತಾಳೆ_ಲೆಕ್ಕ

ಆಗುವುದಿಲ್ಲ ಅಕ್ಕಾ. ಐಜಿಎಸ್‌ಟಿ ಕ್ರೆಡಿಟ್ ಮೊದಲು ಖಾಲಿ ಆಗಬೇಕು ಅನ್ನುವ ಕಟ್ಟಳೆ ಇನ್ನೂ ಇದೆ. ಹಂಚಿಕೆ ಮಾತ್ರ ನಿಮ್ಮ ಕೈಯಲ್ಲಿದೆ. ಆದರೆ ಅದರಿಂದ ನಿಮಗೆ ನಷ್ಟ ಇಲ್ಲ. ಐಜಿಎಸ್‌ಟಿ ಬಳಸಿದಷ್ಟು ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಕ್ರೆಡಿಟ್ ಉಳಿದರೆ, ಮುಂದಿನ ತಿಂಗಳು ಗೋವಾದ ಐಜಿಎಸ್‌ಟಿಗೆ ಅವನ್ನೂ ಬಳಸಬಹುದು. ಅವೆರಡರಿಂದಲೂ ಐಜಿಎಸ್‌ಟಿ ಕಟ್ಟಬಹುದು. ಒಂದರಿಂದ ಇನ್ನೊಂದಕ್ಕೆ ಮಾತ್ರ ದಾರಿ ಇಲ್ಲ.

ವೈರ್_ಅಂಗಡಿ

ಸರ್, ಈಗ ಇನ್ನೊಂದು ಸಮಸ್ಯೆ. ಮೊದಲೇ ಹೇಳಬೇಕಿತ್ತು. ಅಕೌಂಟೆಂಟ್ ಕಳಿಸಿದ ಚಲನ್‌ಗೆ ನಿನ್ನೆ ಸಂಜೆಯೇ ದುಡ್ಡು ಕಟ್ಟಿಬಿಟ್ಟಿದ್ದೇನೆ. ಎಸ್‌ಜಿಎಸ್‌ಟಿ 22,500. ರಿಟರ್ನ್ ಇನ್ನೂ ಕಳಿಸಿಲ್ಲ. ಈಗ 9,000, 9,000 ಮಾಡಿದರೆ ಸಿಜಿಎಸ್‌ಟಿಗೆ ಮತ್ತೆ 9,000 ಕಟ್ಟಬೇಕಲ್ಲ? ನನ್ನ ಹತ್ತಿರ ಈಗ ಅಷ್ಟಿಲ್ಲ. ಸೋಮವಾರ ಮುಂಬೈ ಪಾರ್ಟಿಗೆ ಚೆಕ್ ಹೋಗುತ್ತದೆ.

ರಸೀದಿ_ಪುಸ್ತಕ

ಹೊಸದಾಗಿ ಕಟ್ಟಬೇಡಿ. PMT-09 ಅಂತ ಒಂದು ಫಾರ್ಮ್ ಇದೆ. ಕ್ಯಾಶ್ ಲೆಡ್ಜರ್‌ನಲ್ಲಿ ಒಂದು ಹೆಡ್‌ನಿಂದ ಇನ್ನೊಂದಕ್ಕೆ ದುಡ್ಡು ವರ್ಗ ಮಾಡಬಹುದು. ಎಸ್‌ಜಿಎಸ್‌ಟಿಯಿಂದ 9,000 ತೆಗೆದು ಸಿಜಿಎಸ್‌ಟಿಗೆ ಹಾಕಿ. ಇದು ನಗದಿಗೆ ಮಾತ್ರ. ಕ್ರೆಡಿಟ್‌ಗೆ ನಡೆಯುವುದಿಲ್ಲ. ಈ ಸಲ ಸರಿಯಾಗೇ ಹೇಳುತ್ತಿದ್ದೇನೆ, ನಾನೇ ಮಾಡಿದ್ದೇನೆ.

ತಾಳೆ_ಲೆಕ್ಕ

ಸರಿಯಾಗೇ ಹೇಳಿದ್ದೀರಿ. ಆದರೆ ಇವರಿಗೆ ಅದೂ ಬೇಕಿಲ್ಲ.

ವೈರ್ ಅಂಗಡಿಯವರೇ, ಒಂದು ಕಡೆಗೆ 22,500ರ ತನಕ ಐಜಿಎಸ್‌ಟಿ ತುಂಬಿಸಬಹುದು ಅಂದಿದ್ದೆ ನೋಡಿ. ನಿಮ್ಮ ನಗದು ಈಗ ಎಸ್‌ಜಿಎಸ್‌ಟಿಯಲ್ಲಿ ಇದೆ. ಹಾಗಾಗಿ ಸಿಜಿಎಸ್‌ಟಿಯನ್ನು ಪೂರ್ತಿ ಕ್ರೆಡಿಟ್‌ನಿಂದಲೇ ತೀರಿಸಿ. 6.1ರಲ್ಲಿ ಸಿಜಿಎಸ್‌ಟಿ ಸಾಲಿಗೆ ಐಜಿಎಸ್‌ಟಿ ಕ್ರೆಡಿಟ್ 22,500 ಹಾಕಿ, ಸಿಜಿಎಸ್‌ಟಿ ಕ್ರೆಡಿಟ್ 13,500 ಹಾಕಿ. 36,000 ತೀರಿತು, ನಗದು ಸೊನ್ನೆ. ಎಸ್‌ಜಿಎಸ್‌ಟಿ ಸಾಲಿಗೆ ಮಿಕ್ಕ ಐಜಿಎಸ್‌ಟಿ 4,500, ಎಸ್‌ಜಿಎಸ್‌ಟಿ ಕ್ರೆಡಿಟ್ 13,500. ಅಲ್ಲಿಗೆ 18,000 ಆಯಿತು. ಇನ್ನು 18,000 ನಗದು ಬೇಕು. ನೀವು ಕಟ್ಟಿರುವುದು 22,500. ಅದರಲ್ಲಿ 18,000 ಹೋಗಿ 4,500 ಎಸ್‌ಜಿಎಸ್‌ಟಿ ಕ್ಯಾಶ್ ಲೆಡ್ಜರ್‌ನಲ್ಲೇ ಉಳಿಯುತ್ತದೆ.

ಉಳಿಯುವುದು ಅದೇ 4,500 ಆದರೂ ಕ್ರೆಡಿಟ್‌ನಲ್ಲಿ ಉಳಿಯುವುದಕ್ಕೂ ನಗದಿನಲ್ಲಿ ಉಳಿಯುವುದಕ್ಕೂ ವ್ಯತ್ಯಾಸ ಇದೆ. ಕ್ರೆಡಿಟ್‌ನಿಂದ ಬಡ್ಡಿ, ಲೇಟ್ ಫೀ ಕಟ್ಟಲು ಆಗುವುದಿಲ್ಲ. ನಗದಿನಿಂದ ಆಗುತ್ತದೆ. PMT-09 ಹಾಕಿ ಬೇರೆ ಹೆಡ್‌ಗೂ ಒಯ್ಯಬಹುದು. ಬೇಡ ಅನಿಸಿದರೆ ವಾಪಸ್ ಕೊಡಿ ಅಂತ ಅರ್ಜಿಯನ್ನೂ ಹಾಕಬಹುದು. ನಿಮ್ಮಂಥ ವ್ಯಾಪಾರದಲ್ಲಿ ಕ್ರೆಡಿಟ್ ಮಿಕ್ಕಿತು ಅಂತ ವಾಪಸ್ ಕೇಳಲು ಆಗುವುದಿಲ್ಲ.

ರಿಟರ್ನ್ ಕಳಿಸುವ ಮುಂಚೆಯೇ ಇದನ್ನು ಮಾಡಿ. ಒಮ್ಮೆ 3ಬಿ ಹೋದರೆ ಅದನ್ನು ತಿದ್ದಿ ಮತ್ತೆ ಹಾಕುವ ಅವಕಾಶ ಇಲ್ಲ.

ವೈರ್_ಅಂಗಡಿ

ಅಬ್ಬಾ! ಒಂದೇ ಕ್ರೆಡಿಟ್, ಹೀಗೂ ಹಂಚಬಹುದು ಅಂತ ಗೊತ್ತೇ ಇರಲಿಲ್ಲ. ನಾಳೆ ಬೆಳಿಗ್ಗೆ ಅಕೌಂಟೆಂಟ್ ಆಫೀಸಿಗೆ ಹೋಗಿ ಪಕ್ಕದಲ್ಲೇ ಕೂತು ಮಾಡಿಸುತ್ತೇನೆ.

ಸಿಮೆಂಟ್_ಕಬ್ಬಿಣ

ನಿಮ್ಮದೆಲ್ಲ ಕ್ರೆಡಿಟ್ ಇರುವವರ ಕಷ್ಟ. ನನ್ನದು ಬೇರೆ. ಒಬ್ಬ ಗಿರಾಕಿ ಎರಡು ಲಕ್ಷದ ಮಾಲು ತೆಗೆದುಕೊಂಡು ನಾಲ್ಕು ತಿಂಗಳಾಯಿತು, ಒಂದು ಪೈಸೆ ಕೊಟ್ಟಿಲ್ಲ. ಅವನು ಕೊಡದ ತೆರಿಗೆಯನ್ನು ನಾನು ಆ ತಿಂಗಳೇ ಸರ್ಕಾರಕ್ಕೆ ಕಟ್ಟಿದ್ದೇನೆ. ಅವನು ಮಾತ್ರ ನನ್ನ ಬಿಲ್ ತೋರಿಸಿ ಕ್ರೆಡಿಟ್ ತೆಗೆದುಕೊಂಡು ಕೂತಿದ್ದಾನೆ. ಇದು ಯಾವ ನ್ಯಾಯ?

ತಾಳೆ_ಲೆಕ್ಕ

ಮಾಲಿಗೆ ಬಿಲ್ ಮಾಡಿದ ತಿಂಗಳೇ ತೆರಿಗೆ ಲೆಕ್ಕಕ್ಕೆ ಬರುತ್ತದೆ, ದುಡ್ಡು ಬಂದಾಗ ಅಲ್ಲ. ಅದರಲ್ಲಿ ನಿಮಗೆ ದಾರಿ ಇಲ್ಲ. ಆದರೆ ಅವನಿಗೂ ಒಂದು ಗಡುವು ಇದೆ. ಬಿಲ್ ತಾರೀಕಿನಿಂದ 180 ದಿನದೊಳಗೆ ನಿಮಗೆ ದುಡ್ಡು ಕೊಡದಿದ್ದರೆ ಅವನು ತೆಗೆದುಕೊಂಡ ಕ್ರೆಡಿಟ್ ಬಡ್ಡಿ ಸಮೇತ ವಾಪಸ್ ಮಾಡಬೇಕು. ನಾಲ್ಕು ತಿಂಗಳು ಆಗಿದೆ ಅಂದರೆ ಇನ್ನು ಸುಮಾರು ಎರಡು ತಿಂಗಳಿದೆ. ಇದನ್ನು ಅವನಿಗೆ ಬರೆದು ಕಳಿಸಿ. ಕೆಲವರಿಗೆ ಈ ಮಾತು ಕೇಳಿದ ಮೇಲೆ ಚೆಕ್ ಬರೆಯಲು ನೆನಪಾಗುತ್ತದೆ.

ಸಿಮೆಂಟ್_ಕಬ್ಬಿಣ

ಅವನು ವಾಪಸ್ ಮಾಡಿದರೂ ಆ ದುಡ್ಡು ನನಗೆ ಬರುವುದಿಲ್ಲವಲ್ಲ. ಸರ್ಕಾರಕ್ಕೇ ಹೋಗುತ್ತದೆ. ಆದರೂ ಬರೆದು ಕಳಿಸುತ್ತೇನೆ.

ಬೆಲ್ಲದ_ಮಂಡಿ

ನಮ್ಮಣ್ಣನನ್ನು ಕೇಳಿದೆ. ಕಾಂಪೋಸಿಷನ್‌ನಲ್ಲಿ ಖರೀದಿಗೆ ಕೊಟ್ಟ ತೆರಿಗೆ ವಜಾ ಸಿಗುವುದೇ ಇಲ್ಲವಂತೆ. ಬಿಲ್‌ನಲ್ಲಿ ಗಿರಾಕಿಯಿಂದ ತೆರಿಗೆ ಬೇರೆ ತೆಗೆದುಕೊಳ್ಳುವ ಹಾಗೂ ಇಲ್ಲವಂತೆ. ಹಾಗಾದರೆ ವೈರ್ ಅಂಗಡಿಯವರು ಅದಕ್ಕೆ ಬಂದಿದ್ದರೆ 63,000 ಕ್ರೆಡಿಟ್ ಹೋಗುತ್ತಿತ್ತು. ನನ್ನ ಸಲಹೆ ವಾಪಸ್.

ವೈರ್_ಅಂಗಡಿ

19ನೇ ತಾರೀಕು, ಮಧ್ಯಾಹ್ನ. ಈಗಷ್ಟೇ ರಿಟರ್ನ್ ಕಳಿಸಿ ಬಂದೆ.

ಅಕೌಂಟೆಂಟ್ ಮೊದಲು ಒಪ್ಪಲಿಲ್ಲ. ನಾನು 22,500 ಮತ್ತು 4,500 ಹಾಕಿ ನೋಡಿ ಅಂದೆ. 6.1ರಲ್ಲಿ ಅಂಕಿ ತಿದ್ದಿದರು. ಪೋರ್ಟಲ್ ಒಪ್ಪಿಕೊಂಡಿತು, ಯಾವ ಕೆಂಪು ಗೆರೆಯೂ ಬರಲಿಲ್ಲ. ಎಸ್‌ಜಿಎಸ್‌ಟಿ ನಗದು 18,000 ಅಂತ ಬಂತು. ಕಳಿಸಿದ ಮೇಲೆ ಮೂರೂ ಕ್ರೆಡಿಟ್ ಲೆಡ್ಜರ್ ಸೊನ್ನೆ. ಕ್ಯಾಶ್ ಲೆಡ್ಜರ್ ಎಸ್‌ಜಿಎಸ್‌ಟಿಯಲ್ಲಿ 4,500. ತಾಳೆ ಲೆಕ್ಕ ಸರ್ ಹೇಳಿದ ಹಾಗೇ. ಸ್ಕ್ರೀನಿನ ಫೋಟೋ ತೆಗೆದು ಇಟ್ಟುಕೊಂಡಿದ್ದೇನೆ. ಹಿಂದಿನ ತಿಂಗಳುಗಳದ್ದನ್ನೂ ತೆಗೆಸಿ ನೋಡಿದೆವು. ಆಗ ಮುಂಬೈ ಖರೀದಿ ಕಡಿಮೆ ಇತ್ತು, ಹಾಗಾಗಿ ಕ್ರೆಡಿಟ್ ಹೊರಗೆ ಉಳಿದಿರಲಿಲ್ಲ. ಈ ತಿಂಗಳೇ ಮೊದಲು.

ತಾಳೆ_ಲೆಕ್ಕ

ಒಳ್ಳೆಯದಾಯಿತು. ಒಂದು ಪ್ರಶ್ನೆ. ಮುಂಬೈ ಮಾಲು ಹೇಗೆ ಬರುತ್ತದೆ? ಲಾರಿ ಬಾಡಿಗೆ ಯಾರು ಕೊಡುತ್ತಾರೆ?

ವೈರ್_ಅಂಗಡಿ

ಬಾಡಿಗೆ ನಾನೇ ಕೊಡುತ್ತೇನೆ. ಕಳೆದ ತಿಂಗಳು 6,000 ಕೊಟ್ಟೆ. ಅದರ ಬಿಲ್‌ನಲ್ಲಿ ತೆರಿಗೆ ಏನೂ ಹಾಕಿಲ್ಲ. ಯಾಕೆ ಸರ್?

ಪ್ಲೈವುಡ್_ಶಿವಮೊಗ್ಗ

ಅಯ್ಯೋ, ಅದು ರಿವರ್ಸ್ ಚಾರ್ಜ್. ನನಗೂ ಬಂದಿತ್ತು. ಟ್ರಾನ್ಸ್‌ಪೋರ್ಟ್‌ನವರು ತೆರಿಗೆ ಹಾಕದಿದ್ದರೆ ನಾವೇ 5 ಪರ್ಸೆಂಟ್ ಕಟ್ಟಬೇಕು. 6,000ಕ್ಕೆ 300. ಅದನ್ನು ನಗದಿನಲ್ಲೇ ಕಟ್ಟಬೇಕು, ಲಕ್ಷ ಕ್ರೆಡಿಟ್ ಇದ್ದರೂ ವಜಾ ಹಾಕಲು ಬಿಡುವುದಿಲ್ಲ. ಕಟ್ಟಿದ ಮೇಲೆ ಅದೇ 300ನ್ನು ಕ್ರೆಡಿಟ್ ಆಗಿ ತೆಗೆದುಕೊಳ್ಳಬಹುದು.

ಹಳೇ_ಖಾತೆ

ಎಲ್ಲ ಲಾರಿಗೂ ಅಲ್ಲ. ಅವನು ಮಾಲು ಒಪ್ಪಿಕೊಂಡದ್ದಕ್ಕೆ ರಸೀದಿ, ಅಂದರೆ ಎಲ್‌ಆರ್ ಬರೆದುಕೊಟ್ಟಿದ್ದರೆ ಮಾತ್ರ. ಸ್ವಂತ ಗಾಡಿ ಓಡಿಸುವವನು ಎಲ್‌ಆರ್ ಇಲ್ಲದೆ ಬರೀ ಬಾಡಿಗೆ ತೆಗೆದುಕೊಂಡು ಹೋದರೆ ಅದು ಇದರಲ್ಲಿ ಬರುವುದಿಲ್ಲ. ಇದರಲ್ಲಿ ನನಗೆ ಅನುಭವ ಇದೆ, ಧೈರ್ಯವಾಗಿ ಹೇಳುತ್ತೇನೆ.

ತಾಳೆ_ಲೆಕ್ಕ

ಹಳೇ ಖಾತೆಯವರ ಮಾತು ಸರಿ. ಮೊದಲು ಆ ಕಾಗದ ನೋಡಿ. ಎಲ್‌ಆರ್ ಇದ್ದರೆ ಈ ತಿಂಗಳ ರಿಟರ್ನ್ ಹೋಗಿಬಿಟ್ಟಿದೆ, ಹಾಗಾಗಿ ಮುಂದಿನ ತಿಂಗಳ 3ಬಿಯಲ್ಲಿ ಸೇರಿಸಿ ಕಟ್ಟಿ. ತಡವಾದ ದಿನಗಳಿಗೆ ವರ್ಷಕ್ಕೆ 18 ಪರ್ಸೆಂಟ್ ಲೆಕ್ಕದಲ್ಲಿ ಬಡ್ಡಿ ಬರುತ್ತದೆ. 300ಕ್ಕೆ ಒಂದು ತಿಂಗಳಿಗೆ ನಾಲ್ಕೂವರೆ ರೂಪಾಯಿ ಆಗಬಹುದು. ಕ್ಯಾಶ್ ಲೆಡ್ಜರ್‌ನಲ್ಲಿ ಬಿದ್ದಿರುವ 4,500 ಇದಕ್ಕೆ ಉಪಯೋಗಕ್ಕೆ ಬರುತ್ತದೆ. ಟ್ರಾನ್ಸ್‌ಪೋರ್ಟ್ ಆಫೀಸು ಕರ್ನಾಟಕದ್ದೋ ಮಹಾರಾಷ್ಟ್ರದ್ದೋ ಅನ್ನುವುದರ ಮೇಲೆ ಹೆಡ್ ಬದಲಾಗುತ್ತದೆ. ಆಗ ರಸೀದಿ ಪುಸ್ತಕದವರ PMT-09 ಬೇಕಾಗುತ್ತದೆ.

ವೈರ್_ಅಂಗಡಿ

ಲಾರಿಯವನು ಕೊಟ್ಟ ಕಾಗದ ಅಂಗಡಿಯ ಡ್ರಾಯರ್‌ನಲ್ಲಿ ಇರಬೇಕು. ಗುಲಾಬಿ ಬಣ್ಣದ್ದು, ಮೇಲೆ ನಂಬರ್ ಇದ್ದ ನೆನಪು. ಅದು ಎಲ್‌ಆರೋ ಅಲ್ಲವೋ ಗೊತ್ತಿಲ್ಲ. ಸಂಜೆ ಹುಡುಕಿ ಫೋಟೋ ಹಾಕುತ್ತೇನೆ.

ರಸೀದಿ_ಪುಸ್ತಕ

ಹಾಕುವಾಗ ನಿಮ್ಮ ಜಿಎಸ್‌ಟಿ ನಂಬರ್, ಫೋನ್ ನಂಬರ್ ಮುಚ್ಚಿ ಹಾಕಿ ಸರ್. ಕಾಗದದ ಮೇಲೆ ಕಳಿಸಿದವರ ಹೆಸರು, ತಲುಪಬೇಕಾದವರ ಹೆಸರು, ಗಾಡಿ ನಂಬರ್, ತೆರಿಗೆ ಯಾರು ಕಟ್ಟಬೇಕು ಅನ್ನುವ ಸಾಲು ಇದೆಯಾ ಅಂತಲೂ ನೋಡಿ.